ತೊಡೆ ಉರಿಯುವುದು ಲ್ಯಾಕ್ಟಿಕ್ ಆ್ಯಸಿಡ್‌ನಿಂದಲೇ?

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ, ತೂಕ 68 ಕಿಲೋ, ಸುರತ್ಕಲ್‌ನಲ್ಲಿ ಮನೆ, ಬ್ಯಾಂಕಿನಲ್ಲಿ ಕೂತು ಮಾಡುವ ಕೆಲಸ. ಐದು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ 20ರ ಸೆಟ್ ಮಾಡುವಾಗ 12–13ಕ್ಕೆ ಬರುವಷ್ಟರಲ್ಲಿ ತೊಡೆಯೊಳಗೆ ಬೆಂಕಿ ಬಿದ್ದ ಹಾಗಾಗುತ್ತದೆ, 15ಕ್ಕೆ ಕೈಬಿಡುತ್ತೇನೆ. ಲ್ಯಾಕ್ಟಿಕ್ ಆ್ಯಸಿಡ್ ತುಂಬಿದೆ, ಮಸಾಜ್ ಮಾಡಿಸಿ ಹೊರಹಾಕಬೇಕು ಎಂದು ಟ್ರೈನರ್ ಹೇಳುತ್ತಾರೆ. ಒಬ್ಬ ಗೆಳೆಯ ಅಡುಗೆ ಸೋಡಾ ಕದಡಿ ಕುಡಿ ಎನ್ನುತ್ತಾನೆ. ನಮ್ಮ ಅತ್ತೆಯವರು ಮಜ್ಜಿಗೆ, ಪುನರ್ಪುಳಿ ಎಲ್ಲ ಬಿಡಿಸಿದ್ದಾರೆ, ಹುಳಿ ಜಾಸ್ತಿಯಾದರೆ ಮೈಯಲ್ಲಿ ಆ್ಯಸಿಡ್ ಆಗುತ್ತದಂತೆ. ಮರುದಿನ, ಮೂರನೇ ದಿನ ಮೆಟ್ಟಿಲು ಇಳಿಯುವುದೇ ಕಷ್ಟ. ಬಿಪಿ ಸ್ವಲ್ಪ ಗಡಿಯಲ್ಲಿದೆ, ಕಳೆದ ಸಲ 136/88 ಇತ್ತು. ಉರಿ ಬಂದಾಗ ನಿಲ್ಲಿಸಬೇಕೇ, ಮುಂದುವರಿಸಬೇಕೇ?

ಉತ್ತರ: ಮೊದಲು ನಿಮ್ಮ ಸೆಟ್ಟನ್ನೇ ಗಡಿಯಾರ ಹಿಡಿದು ನೋಡೋಣ. ಒಂದು ಸಲ ಕಾಲು ಎತ್ತಿ ಇಳಿಸಲು ಸುಮಾರು ಮೂರು ಸೆಕೆಂಡು ಎಂದಿಟ್ಟುಕೊಂಡರೆ, ಉರಿ ಶುರುವಾಗುವುದು 36 ರಿಂದ 40ನೇ ಸೆಕೆಂಡಿನ ಹೊತ್ತಿಗೆ, ನೀವು ಕೈಬಿಡುವುದು 45ನೇ ಸೆಕೆಂಡಿಗೆ. ಕೈಬಿಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ನೀವು ಬರೆದಿಲ್ಲ, ಆದರೆ ನನ್ನ ಬಳಿಗೆ ಬರುವವರೆಲ್ಲ ಹೇಳುವುದು ಒಂದೇ ಮಾತು. ಎದ್ದು ನಿಂತು ಕಾಲು ಕೊಡವಿ, ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ, ಎಂದರೆ ಒಂದೆರಡು ನಿಮಿಷದೊಳಗೆ, ಉರಿ ಬಹುತೇಕ ಇಳಿದಿರುತ್ತದೆ. ಈಗ ಅದೇ ಹೊತ್ತಿನಲ್ಲಿ ನಿಮ್ಮ ಬೆರಳ ತುದಿಯಿಂದ ಒಂದೊಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್, ಎಂದರೆ ಲ್ಯಾಕ್ಟಿಕ್ ಆ್ಯಸಿಡ್ ದೇಹದೊಳಗೆ ಇರುವ ರೂಪವನ್ನು, ಅಳೆದರೆ, ಅದು ಇಳಿಯುವುದಿರಲಿ, ಇನ್ನೂ ಏರುತ್ತಲೇ ಇರುತ್ತದೆ. ಸುಮ್ಮನೆ ಕೂತಿದ್ದಾಗ ರಕ್ತದಲ್ಲಿ ಲೀಟರಿಗೆ ಸುಮಾರು 1 ಮಿಲಿಮೋಲ್ ಇರುವ ಲ್ಯಾಕ್ಟೇಟ್, ಕಠಿಣ ವ್ಯಾಯಾಮದ ನಂತರ ತನ್ನ ತುತ್ತತುದಿ ಮುಟ್ಟುವುದು ವ್ಯಾಯಾಮ ನಿಂತು ಮೂರರಿಂದ ಎಂಟು ನಿಮಿಷ ಕಳೆದ ಮೇಲೆ. ಸ್ನಾಯುವಿನ ಒಳಗಿನ ಲ್ಯಾಕ್ಟೇಟ್ ಕೂಡ ಅರ್ಧಕ್ಕಿಳಿಯಲು ಹಲವು ನಿಮಿಷ ಬೇಕು. ನಿಮ್ಮ ಉರಿ ತಣ್ಣಗಾಗಿ, ನೀವು ಮುಂದಿನ ಸೆಟ್ಟಿಗೆ ತೂಕ ಜೋಡಿಸುತ್ತಿರುವ ಹೊತ್ತಿನಲ್ಲಿ ತೊಡೆಯಲ್ಲಿ ಲ್ಯಾಕ್ಟೇಟ್ ಇನ್ನೂ ಸಾಕಷ್ಟು ಇದ್ದೇ ಇದೆ. ಅದೇ ಉರಿಸುವ ವಸ್ತುವಾಗಿದ್ದರೆ, ಅದು ಇರುವಷ್ಟು ಹೊತ್ತೂ ಉರಿಯಬೇಕಿತ್ತಲ್ಲವೇ?

ಈ ಒಂದು ಹೊಂದಾಣಿಕೆಯಾಗದ ಲೆಕ್ಕವೇ ಅನುಮಾನಕ್ಕೆ ಸಾಕು, ಆದರೆ ತೀರ್ಪಿಗೆ ಸಾಲದು. ಆದ್ದರಿಂದ ಆ ಮುಕ್ಕಾಲು ನಿಮಿಷದಲ್ಲಿ ತೊಡೆಯೊಳಗೆ ನಡೆಯುವುದನ್ನು ಸ್ವಲ್ಪ ಸಾವಧಾನವಾಗಿ ಹೇಳುತ್ತೇನೆ.

ಸ್ನಾಯು ಕೆಲಸ ಮಾಡುವುದು ಎಟಿಪಿ ಎಂಬ ಅಣುವನ್ನು ಒಡೆದು. ಪ್ರತಿ ಸಲ ಒಡೆದಾಗಲೂ ಶಕ್ತಿಯ ಜೊತೆಗೆ ಫಾಸ್ಫೇಟ್ ಮತ್ತು ಹೈಡ್ರೋಜನ್ ಅಯಾನು ಬಿಡುಗಡೆಯಾಗುತ್ತವೆ. ಹೈಡ್ರೋಜನ್ ಅಯಾನು ಎಂದರೆ ಯಾವುದೇ ಆಮ್ಲದಲ್ಲಿ ಆಮ್ಲತೆಯನ್ನು ಉಂಟುಮಾಡುವ ಅಂಶ. ಎಟಿಪಿಯ ದಾಸ್ತಾನು ಸ್ನಾಯುವಿನಲ್ಲಿ ಕೆಲವೇ ಸೆಕೆಂಡುಗಳಿಗೆ ಸಾಲುವಷ್ಟು ಮಾತ್ರ, ಹಾಗಾಗಿ ಖರ್ಚಾದ ಕೂಡಲೇ ಅದನ್ನು ಮತ್ತೆ ಕಟ್ಟುತ್ತಿರಬೇಕು. ಸೆಟ್ಟಿನ ಮೊದಲ ಎಂಟು-ಹತ್ತು ಸೆಕೆಂಡು ಈ ಕೆಲಸವನ್ನು ಹೆಚ್ಚಾಗಿ ನೋಡಿಕೊಳ್ಳುವುದು ಫಾಸ್ಫೋಕ್ರಿಯೇಟಿನ್ ಎಂಬ ಸಂಗ್ರಹ. ಇದು ಎಟಿಪಿ ಕಟ್ಟಿಕೊಡುವಾಗ ಒಂದು ಹೈಡ್ರೋಜನ್ ಅಯಾನನ್ನು ಹೀರಿಕೊಳ್ಳುವುದರಿಂದ, ಸೆಟ್ಟಿನ ಆರಂಭದ ಕ್ಷಣಗಳಲ್ಲಿ ಸ್ನಾಯು ಆಮ್ಲೀಯವಾಗುವ ಬದಲು ಒಂದಿಷ್ಟು ಕ್ಷಾರೀಯವೇ ಆಗುತ್ತದೆ. ಮೊದಲ ನಾಲ್ಕೈದು ಎಣಿಕೆ ಹೂವೆತ್ತಿದಂತೆ ಹೋಗುವುದಕ್ಕೆ ಇದೂ ಒಂದು ಕಾರಣ. ನಮ್ಮ ಕಡೆಯ ಕಂಬಳದ ಓಟಗಾರರು ಕೆಸರಿನಲ್ಲಿ ಹದಿಮೂರು-ಹದಿನಾಲ್ಕು ಸೆಕೆಂಡು ಜೀವ ಬಿಟ್ಟು ಓಡಿದರೂ ಓಟದ ನಡುವೆ ಉರಿಯ ಮಾತೆತ್ತುವುದು ಕಡಿಮೆ, ಏಕೆಂದರೆ ಉರಿ ಬಲಿಯುವ ಮೊದಲೇ ಓಟ ಮುಗಿದಿರುತ್ತದೆ.

ಫಾಸ್ಫೋಕ್ರಿಯೇಟಿನ್ ಕರಗುತ್ತಿದ್ದಂತೆ ಸ್ನಾಯು ತನ್ನೊಳಗಿನ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ವೇಗವಾಗಿ ಒಡೆಯತೊಡಗುತ್ತದೆ. ಲೆಗ್ ಎಕ್ಸ್‌ಟೆನ್ಷನ್‌ನಲ್ಲಿ ತೊಡೆಯ ಸ್ನಾಯು ಬಿಗಿದಾಗಲೆಲ್ಲ ಅದು ತನ್ನದೇ ರಕ್ತನಾಳಗಳನ್ನು ಹಿಸುಕುತ್ತದೆ. ನೀವು ಕೆಳಗೆ ಇಳಿಸುವಾಗ ಪೂರ್ತಿ ಸಡಿಲಬಿಡದೆ ಮತ್ತೆ ಎತ್ತುವುದರಿಂದ, ಬೇಕಾದ ರಕ್ತ ಒಳಗೆ ಬರುವುದಿಲ್ಲ, ಒಳಗೆ ಉಂಟಾದದ್ದು ಹೊರಗೆ ಹೋಗುವುದೂ ಇಲ್ಲ. ಸಕ್ಕರೆ ಒಡೆದು ಪೈರುವೇಟ್ ಆಗುತ್ತದೆ. ಆಮ್ಲಜನಕ ಬಳಸಿ ಕೆಲಸ ಮಾಡುವ ವ್ಯವಸ್ಥೆಗೆ ಇಷ್ಟು ವೇಗದಲ್ಲಿ ಬರುವ ಪೈರುವೇಟನ್ನು ಸಂಭಾಳಿಸಲು ಆಗದಿರುವಾಗ, ಹೆಚ್ಚಾದ ಪಾಲು ಲ್ಯಾಕ್ಟೇಟ್ ಆಗಿ ಬದಲಾಗುತ್ತದೆ.

ಇಲ್ಲೇ ಗಮನಿಸಬೇಕಾದ ಸಂಗತಿ ಇದೆ. ಪೈರುವೇಟ್ ಲ್ಯಾಕ್ಟೇಟ್ ಆಗುವ ಆ ಒಂದು ಹೆಜ್ಜೆಯಲ್ಲಿ ಹೈಡ್ರೋಜನ್ ಅಯಾನು ಹುಟ್ಟುವುದಿಲ್ಲ, ಒಂದು ಅಯಾನು ಖರ್ಚಾಗುತ್ತದೆ. ಜೊತೆಗೆ ಸಕ್ಕರೆ ಒಡೆಯುವ ಕೆಲಸ ನಿಲ್ಲದಂತೆ ಬೇಕಾದ ಇನ್ನೊಂದು ಸಹಾಯಕ ಅಣುವನ್ನೂ ಅದೇ ಹೆಜ್ಜೆ ಮರಳಿ ಸಿದ್ಧಪಡಿಸಿಕೊಡುತ್ತದೆ. ಲ್ಯಾಕ್ಟೇಟ್ ತಯಾರಾಗದೆ ಹೋಗಿದ್ದರೆ ನೀವು 15ರವರೆಗೆ ಹೋಗುವುದಿರಲಿ, 10ಕ್ಕೆ ಮುಟ್ಟುವುದೂ ಕಷ್ಟವಾಗುತ್ತಿತ್ತು. ಹಾಗಾದರೆ ಹೈಡ್ರೋಜನ್ ಅಯಾನುಗಳು ಬಂದದ್ದೆಲ್ಲಿಂದ? ಬಹುಪಾಲು, ಆಮ್ಲಜನಕ ಬಳಸಿ ಎಟಿಪಿ ಕಟ್ಟುವ ವೇಗಕ್ಕಿಂತ ಅದನ್ನು ಒಡೆಯುವ ವೇಗ ಹೆಚ್ಚಾದುದರಿಂದ. ಈ ಜಮಾ-ಖರ್ಚಿನ ಲೆಕ್ಕವನ್ನು ಹೇಗೆ ಬರೆಯಬೇಕೆಂಬುದರ ಬಗ್ಗೆ ರಸಾಯನ ತಿಳಿದವರಲ್ಲಿ ಇಂದಿಗೂ ಜಗಳವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಇಡೀ ಸರಪಳಿಯನ್ನು ಒಟ್ಟಿಗೆ ಕೂಡಿಸಿದರೆ ಲ್ಯಾಕ್ಟೇಟ್ ಮತ್ತು ಹೈಡ್ರೋಜನ್ ಅಯಾನು ಹೆಚ್ಚುಕಡಿಮೆ ಜೋಡಿಯಾಗಿಯೇ ಏರುತ್ತವೆ, ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದು ಸರಿಯಲ್ಲ ಎನ್ನುವವರೂ ಇದ್ದಾರೆ. ಆದರೆ ಜೋಡಿಯಾಗಿ ಏರುವುದು ಬೇರೆ, ಉರಿಸುವುದು ಬೇರೆ. ಮಲ್ಪೆಯ ಬಂದರಿನಲ್ಲಿ ದೋಣಿ ಬಂದಾಗಲೆಲ್ಲ ಕಾಗೆಗಳ ಹಿಂಡು ಕಾಣುತ್ತದೆ, ಕಾಗೆ ಎಣಿಸಿ ಮೀನು ಎಷ್ಟು ಬಿದ್ದಿದೆ ಎಂದು ಅಂದಾಜು ಮಾಡಲೂ ಬಹುದು, ಹಾಗೆಂದು ಮೀನು ಹಿಡಿದು ತಂದದ್ದು ಕಾಗೆ ಎನ್ನಲಾಗದು.

ಇನ್ನು ‘ಲ್ಯಾಕ್ಟಿಕ್ ಆ್ಯಸಿಡ್’ ಎಂಬ ಹೆಸರಿನ ಮಾತು. 1780ರಲ್ಲಿ ಸ್ವೀಡನ್ನಿನ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಹುಳಿತ ಹಾಲಿನಿಂದ ಈ ಆಮ್ಲವನ್ನು ಬೇರ್ಪಡಿಸಿದ್ದರಿಂದ ಹಾಲಿನ ಹೆಸರೇ ಅದಕ್ಕೆ ಅಂಟಿಕೊಂಡಿತು. 1907ರಲ್ಲಿ ಇಂಗ್ಲೆಂಡಿನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಕಾಲಿನ ಸ್ನಾಯುವನ್ನು ಕತ್ತರಿಸಿ ತೆಗೆದು, ಆಮ್ಲಜನಕವಿಲ್ಲದೆ ದಣಿಯುವಂತೆ ಮಾಡಿದಾಗ ಅದರಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುವುದನ್ನೂ, ಆಮ್ಲಜನಕ ಕೊಟ್ಟಾಗ ಅದು ಇಲ್ಲವಾಗುವುದನ್ನೂ ಕಂಡರು. ಮುಂದೆ ಇದೇ ದಾರಿಯಲ್ಲಿ ನಡೆದ ಹಿಲ್ ಮತ್ತು ಮೇಯರ್‌ಹಾಫ್ ಅವರಿಗೆ 1922ರ ಸಾಲಿನ ನೊಬೆಲ್ ಬಹುಮಾನ ಬಂತು. ಅವರು ಅಳೆದದ್ದು ತಪ್ಪಲ್ಲ. ದಣಿವಿನ ಜೊತೆ ಕಂಡದ್ದನ್ನೇ ದಣಿವಿಗೂ ನೋವಿಗೂ ಕಾರಣ ಎಂದು ಓದಿಕೊಂಡದ್ದು ನಂತರದ ಪಠ್ಯಪುಸ್ತಕಗಳು. ನಾನು ಕಲಿಯುವಾಗಲೂ ನಮಗೆ ಹಾಗೆಯೇ ಹೇಳಿಕೊಟ್ಟಿದ್ದರು, ಕೆಲವು ವರ್ಷ ನಾನೂ ರೋಗಿಗಳಿಗೆ ಅದನ್ನೇ ಒಪ್ಪಿಸಿದ್ದೇನೆ. ಆದ್ದರಿಂದ ನಿಮ್ಮ ಟ್ರೈನರ್ ಮೇಲೆ ನನಗೆ ಸಿಟ್ಟಿಲ್ಲ. ಅಂದ ಹಾಗೆ, ಜೀವಂತ ಸ್ನಾಯುವಿನ ಪಿಹೆಚ್‌ನಲ್ಲಿ ಲ್ಯಾಕ್ಟಿಕ್ ಆಮ್ಲವಾಗಿಯೇ ಉಳಿಯುವ ಅಣು ಸಾವಿರಕ್ಕೊಂದು ಸಿಕ್ಕಿದರೆ ಹೆಚ್ಚು, ಉಳಿದದ್ದೆಲ್ಲ ಹೈಡ್ರೋಜನ್ ಅಯಾನು ಕಳಚಿಕೊಂಡ ಲ್ಯಾಕ್ಟೇಟ್.

ಬರಿಯ ಲ್ಯಾಕ್ಟೇಟ್ ಒಳಗೆ ಹೋದರೆ ಉರಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಆಸ್ಪತ್ರೆಯ ಪ್ರತಿ ವಾರ್ಡಿನಲ್ಲೂ ತೂಗಾಡುತ್ತಿರುತ್ತದೆ. ಡೆಂಗ್ಯೂ ಜ್ವರ ಬಂದು ಮಲಗಿದವರಿಗೆ ಏರಿಸುವ ‘ಆರ್‌ಎಲ್’ ಬಾಟಲಿ ಎಂದರೆ ರಿಂಗರ್ ಲ್ಯಾಕ್ಟೇಟ್, ಅದರ ಪ್ರತಿ ಲೀಟರಿನಲ್ಲಿ 28 ಮಿಲಿಮೋಲ್ ಲ್ಯಾಕ್ಟೇಟ್ ಇದೆ. ನಿಮ್ಮ ಲೆಗ್ ಡೇ ದಿನ ರಕ್ತದಲ್ಲಿ ಇರಬಹುದಾದುದಕ್ಕಿಂತ ಅದು ಹೆಚ್ಚು ಗಟ್ಟಿ, ಆದರೂ ಯಾರೊಬ್ಬರೂ ತೊಡೆ ಉರಿಯುತ್ತಿದೆ ಎಂದು ಬೆಲ್ ಒತ್ತಿದ್ದನ್ನು ನಾನು ಕಂಡಿಲ್ಲ. ಇದನ್ನೇ ಪೂರ್ಣ ಸಾಕ್ಷ್ಯ ಎಂದು ನಾನು ವಾದಿಸುವುದಿಲ್ಲ, ಏಕೆಂದರೆ ರಕ್ತಕ್ಕೆ ಸೇರಿದ ಕೂಡಲೇ ಅದು ತೆಳುವಾಗುತ್ತದೆ, ಯಕೃತ್ತು ಅದನ್ನು ಬೇಗನೆ ಬಳಸಿಕೊಳ್ಳುತ್ತದೆ, ಸ್ನಾಯುವಿನ ಎಳೆಗಳ ನಡುವೆ ಅದು ಗಟ್ಟಿಯಾಗಿ ನಿಲ್ಲುವುದೇ ಇಲ್ಲ.

ಅದಕ್ಕಿಂತ ಗಟ್ಟಿ ಸಾಕ್ಷ್ಯ 2014ರಲ್ಲಿ ಅಮೆರಿಕದ ಯೂಟಾದಿಂದ ಪ್ರಕಟವಾದ ಒಂದು ಪ್ರಯೋಗ. ಹತ್ತು ಮಂದಿ ಸ್ವಯಂಸೇವಕರ ಹೆಬ್ಬೆರಳ ಬುಡದ ಸ್ನಾಯುವಿಗೆ ಸಣ್ಣ ಪ್ರಮಾಣದ ದ್ರಾವಣಗಳನ್ನು ಸೇರಿಸಿ, ಏನನ್ನಿಸುತ್ತದೆ ಎಂದು ಕೇಳಲಾಯಿತು. ಲ್ಯಾಕ್ಟೇಟ್ ಒಂದನ್ನೇ, ಅತಿ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು. ದಣಿವೂ ಇಲ್ಲ, ನೋವೂ ಇಲ್ಲ. ಆದರೆ ಮುಂದಿನದನ್ನು ಗಮನವಿಟ್ಟು ಓದಿ, ಏಕೆಂದರೆ ಲ್ಯಾಕ್ಟೇಟ್ ನಿರಪರಾಧಿ ಎಂದು ಬರೆಯುವವರಲ್ಲಿ ಅನೇಕರು ಇಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹೈಡ್ರೋಜನ್ ಅಯಾನು ಒಂದನ್ನೇ ಕೊಟ್ಟಾಗಲೂ ಏನೂ ಅನ್ನಿಸಲಿಲ್ಲ. ಕೋಶದ ಹೊರಗೆ ಸೋರುವ ಎಟಿಪಿಯನ್ನು ಮಾತ್ರ ಕೊಟ್ಟಾಗಲೂ ಇಲ್ಲ. ಮೂರನ್ನೂ ಕೂಡಿಸಿ, ಸಾಧಾರಣ ವ್ಯಾಯಾಮದಲ್ಲಿ ಸ್ನಾಯುವಿನೊಳಗೆ ಇರುವಷ್ಟು ಪ್ರಮಾಣದಲ್ಲಿ ಕೊಟ್ಟಾಗ, ಕೈ ಆಡಿಸದೆ ಕೂತವರಿಗೇ ಹೆಬ್ಬೆರಳು ದಣಿದಂತೆ ಅನ್ನಿಸಿತು. ಪ್ರಮಾಣವನ್ನು ಕಠಿಣ ವ್ಯಾಯಾಮದ ಮಟ್ಟಕ್ಕೆ ಏರಿಸಿದಾಗ ದಣಿವು ಹೆಚ್ಚಿ ಒಂದಿಷ್ಟು ನೋವೂ ಸೇರಿತು, ರಕ್ತ ಹರಿಯದ ಸ್ನಾಯುವಿನ ಮಟ್ಟಕ್ಕೆ ಒಯ್ದಾಗ ನೋವು ಇನ್ನೂ ಏರಿತು.

ಹಾಗಾಗಿ ‘ಲ್ಯಾಕ್ಟೇಟ್ ಅಲ್ಲ, ಹೈಡ್ರೋಜನ್ ಅಯಾನು’ ಎಂದು ಒಬ್ಬ ಆರೋಪಿಯನ್ನು ಬಿಟ್ಟು ಇನ್ನೊಬ್ಬನನ್ನು ಕಟ್ಟಿಹಾಕುವ ಹೊಸ ವಿವರಣೆಯೂ ಅರ್ಧ ಸತ್ಯವೇ. ಸ್ನಾಯುವಿನೊಳಗೆ ಹರಡಿರುವ ಅತಿ ಸಣ್ಣ ನರತಂತುಗಳ ತುದಿಯಲ್ಲಿ ಆಮ್ಲತೆಯನ್ನು ಗುರುತಿಸುವ ದ್ವಾರಗಳಿವೆ. ಅವು ಹೈಡ್ರೋಜನ್ ಅಯಾನಿಗೆ ತೆರೆದುಕೊಳ್ಳುತ್ತವೆ, ಹತ್ತಿರದಲ್ಲಿ ಲ್ಯಾಕ್ಟೇಟ್ ಇದ್ದರೆ ಇನ್ನಷ್ಟು ಸುಲಭವಾಗಿ ತೆರೆದುಕೊಳ್ಳುತ್ತವೆ, ಏಕೆಂದರೆ ಲ್ಯಾಕ್ಟೇಟ್ ಆ ದ್ವಾರದ ಬಳಿಯ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಎಟಿಪಿಗೆ ಬೇರೆಯದೇ ದ್ವಾರವಿದೆ. ಸತತವಾಗಿ ಸಂಕುಚಿಸುವ ಸ್ನಾಯುವಿನಿಂದ ಹೊರಬಂದು ನಿಲ್ಲುವ ಪೊಟ್ಯಾಸಿಯಂ ಕೂಡ ಅದೇ ನರಗಳನ್ನು ಕೆಣಕುತ್ತದೆ. ಇವೆಲ್ಲ ಒಟ್ಟಾಗಿ ಒಂದು ಮಟ್ಟ ದಾಟಿದಾಗ ನರ ಮೆದುಳಿಗೆ ಸುದ್ದಿ ಕಳಿಸುತ್ತದೆ, ನಾವು ಅದನ್ನು ಉರಿ ಎನ್ನುತ್ತೇವೆ. ಸಾರಿಗೆ ಉಪ್ಪು ಹೇಗೋ ಹಾಗೆ ಇಲ್ಲಿ ಲ್ಯಾಕ್ಟೇಟ್: ಖಾರ ಉಪ್ಪಿನದಲ್ಲ, ಆದರೆ ಉಪ್ಪು ಬಿದ್ದಾಗ ಖಾರ ಎದ್ದು ಕಾಣುತ್ತದೆ.

ಲ್ಯಾಕ್ಟೇಟೇ ಇಲ್ಲದ ಸ್ನಾಯುವಿನಲ್ಲಿ ಏನಾಗುತ್ತದೆ ಎಂಬುದನ್ನು ಪ್ರಕೃತಿಯೇ ತೋರಿಸಿಕೊಟ್ಟಿದೆ. 1951ರಲ್ಲಿ ಬ್ರಿಟನ್ನಿನ ವೈದ್ಯ ಮ್ಯಾಕ್‌ಆರ್ಡಲ್ ವಿವರಿಸಿದ ಒಂದು ಅಪರೂಪದ ಹುಟ್ಟು ಕಾಯಿಲೆಯಲ್ಲಿ ಸ್ನಾಯುವಿಗೆ ತನ್ನ ಗ್ಲೈಕೋಜನ್ ಅನ್ನು ಒಡೆಯಲು ಬೇಕಾದ ಕಿಣ್ವವೇ ಇರುವುದಿಲ್ಲ. ಇಂಥವರು ಎಷ್ಟು ಬಲವಾಗಿ ಮುಷ್ಟಿ ಹಿಂಡಿದರೂ ಕೈಯ ರಕ್ತದಲ್ಲಿ ಲ್ಯಾಕ್ಟೇಟ್ ಏರುವುದಿಲ್ಲ, ಸ್ನಾಯು ಆಮ್ಲೀಯವೂ ಆಗುವುದಿಲ್ಲ. ಹಳೆಯ ನಂಬಿಕೆ ನಿಜವಾಗಿದ್ದರೆ ಇವರು ನೋವೇ ಇಲ್ಲದೆ ವ್ಯಾಯಾಮ ಮಾಡಬೇಕಿತ್ತು. ಆದರೆ ಸ್ವಲ್ಪ ಹೊತ್ತಿನ ಬಿರುಸಿನ ಕೆಲಸಕ್ಕೇ ಇವರ ಸ್ನಾಯು ತೀವ್ರವಾಗಿ ನೋಯುತ್ತದೆ, ಬಿಗಿದುಕೊಳ್ಳುತ್ತದೆ. ಅವರ ನೋವು ಸೆಳೆತದ ಜಾತಿಯದು, ನಿಮ್ಮ ಉರಿಯ ಪಡಿಯಚ್ಚಲ್ಲ. ಆದರೂ ಸ್ನಾಯು ನೋಯಲು ಲ್ಯಾಕ್ಟೇಟ್ ಬೇಕೇಬೇಕು ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ಮರುದಿನ ಮೆಟ್ಟಿಲು ಇಳಿಯುವಾಗಿನ ನೋವಿಗೂ ಈ ಉರಿಗೂ ಸಂಬಂಧವೇ ಇಲ್ಲ. ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಹೃದಯ ಅದನ್ನು ಇಂಧನವಾಗಿ ಸುಡುತ್ತದೆ, ಕೆಲಸವಿಲ್ಲದ ಇತರ ಸ್ನಾಯುಗಳೂ ಸುಡುತ್ತವೆ, ಯಕೃತ್ತು ಅದನ್ನು ಮತ್ತೆ ಸಕ್ಕರೆ ಮಾಡುತ್ತದೆ. ನಿಮ್ಮ ನೋವು ಬಲಿಯುವುದು ಎರಡನೆಯ ದಿನ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರನ್ನು 45 ನಿಮಿಷ ಸಮತಟ್ಟಿನಲ್ಲೂ, ಕೆಲವರನ್ನು ಅಷ್ಟೇ ಹೊತ್ತು ಇಳಿಜಾರಿನಲ್ಲೂ ಓಡಿಸಿದರು. ಸಮತಟ್ಟಿನಲ್ಲಿ ಓಡಿದವರಿಗೆ ಲ್ಯಾಕ್ಟೇಟ್ ಏರಿತು, ಮುಂದಿನ ದಿನಗಳಲ್ಲಿ ನೋವು ಬರಲಿಲ್ಲ. ಇಳಿಜಾರಿನವರಿಗೆ ಲ್ಯಾಕ್ಟೇಟ್ ಏರಲಿಲ್ಲ, ನೋವು ಚೆನ್ನಾಗಿಯೇ ಬಂತು. ಭಾರ ಹೊತ್ತುಕೊಂಡು ಉದ್ದವಾಗುವ ಸ್ನಾಯುವಿನ ಎಳೆಗಳಲ್ಲಿ ಆಗುವ ಸೂಕ್ಷ್ಮ ಸೀಳುಗಳು ಮತ್ತು ಅದರ ದುರಸ್ತಿಯ ಊತವೇ ಅದಕ್ಕೆ ಕಾರಣ. ತೂಕವನ್ನು ನಿಧಾನವಾಗಿ ಇಳಿಸುವ ಭಾಗ ಹೆಚ್ಚಿದಷ್ಟೂ, ಅಭ್ಯಾಸವಿಲ್ಲದ ಚಲನೆಯಾದಷ್ಟೂ ಅದು ಜಾಸ್ತಿ. ಆದ್ದರಿಂದ ಮಸಾಜ್ ಹಿತವೆನಿಸಿದರೆ ಧಾರಾಳವಾಗಿ ಮಾಡಿಸಿಕೊಳ್ಳಿ, ನೋವಿನ ಅನಿಸಿಕೆ ಒಂದಿಷ್ಟು ತಗ್ಗಬಹುದು. ಆದರೆ ಮರುದಿನ ಹಿಂಡಿ ತೆಗೆಯಲು ಅಲ್ಲಿ ಲ್ಯಾಕ್ಟಿಕ್ ಆ್ಯಸಿಡ್ ಇರುವುದಿಲ್ಲ.

ನಿಮ್ಮ ಅತ್ತೆಯವರಿಗೆ ದಯವಿಟ್ಟು ಹೇಳಿ, ಮಜ್ಜಿಗೆಯನ್ನೂ ಪುನರ್ಪುಳಿ ಸಾರನ್ನೂ ಮತ್ತೆ ಶುರು ಮಾಡಬಹುದು. ಕರುಳಿನಿಂದ ಹೀರಿಕೊಂಡ ಹುಳಿ ಸ್ನಾಯುವಿಗೆ ಹುಳಿಯಾಗಿ ಹೋಗಿ ಸೇರುವುದಿಲ್ಲ. ರಕ್ತದ ಪಿಹೆಚ್ 7.35 ರಿಂದ 7.45ರ ಒಳಗೇ ಇರುವಂತೆ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ನೋಡಿಕೊಳ್ಳುತ್ತವೆ, ಮಜ್ಜಿಗೆಯ ಲ್ಯಾಕ್ಟೇಟ್ ದೇಹಕ್ಕೆ ಒಂದು ಸಣ್ಣ ಇಂಧನ, ಅಷ್ಟೆ.

ಅಡುಗೆ ಸೋಡಾದ ವಿಷಯ ಅಷ್ಟು ಹಗುರವಲ್ಲ. ನಿಮ್ಮ ಗೆಳೆಯ ಹೇಳಿದ್ದರಲ್ಲಿ ಹುರುಳಿದೆ, ಅಪಾಯವೂ ಇದೆ. ಒಂದರಿಂದ ಕೆಲವು ನಿಮಿಷ ನಡೆಯುವ ತೀವ್ರ ಸ್ಪರ್ಧೆಗಳಿಗೆ ಮುನ್ನ ಕೆಲವು ಅಥ್ಲೀಟುಗಳು ಸೋಡಿಯಂ ಬೈಕಾರ್ಬನೇಟ್ ತೆಗೆದುಕೊಳ್ಳುವುದುಂಟು, ಅದರಿಂದ ಒಂದಿಷ್ಟು ಲಾಭವಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಅದು ಸ್ನಾಯುವಿನೊಳಗೆ ನುಗ್ಗುವುದಿಲ್ಲ, ರಕ್ತವನ್ನು ಕ್ಷಾರೀಯಗೊಳಿಸಿ ಹೈಡ್ರೋಜನ್ ಅಯಾನುಗಳು ಸ್ನಾಯುವಿನಿಂದ ಬೇಗ ಹೊರಬರುವಂತೆ ಮಾಡುತ್ತದೆ. ಅವು ಹೊರಬರುವ ಬಾಗಿಲಲ್ಲೇ ಲ್ಯಾಕ್ಟೇಟೂ ಜೊತೆಯಾಗಿ ಬರುವುದರಿಂದ, ಸೋಡಾ ತೆಗೆದುಕೊಂಡವರ ರಕ್ತದಲ್ಲಿ ಲ್ಯಾಕ್ಟೇಟ್ ಕಡಿಮೆಯಾಗುವ ಬದಲು ಹೆಚ್ಚೇ ಇರುತ್ತದೆ, ಆದರೂ ಅವರು ಹೆಚ್ಚು ಹೊತ್ತು ತಾಳುತ್ತಾರೆ. ಈಗ ನಿಮ್ಮ ಲೆಕ್ಕ ಮಾಡೋಣ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು ತೂಕದ ಪ್ರತಿ ಕಿಲೋಗೆ 0.3 ಗ್ರಾಂ, ಎಂದರೆ 68 ಕಿಲೋಗೆ ಸುಮಾರು 20 ಗ್ರಾಂ, ನಾಲ್ಕು ಟೀ ಚಮಚ. ಅದರಲ್ಲಿ ಐದೂವರೆ ಗ್ರಾಂ ಸೋಡಿಯಂ. ಇಡೀ ದಿನಕ್ಕೆ 2 ಗ್ರಾಂ ಸೋಡಿಯಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 136/88 ಇರುವ ನೀವು ಒಂದೇ ಲೋಟದಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು ಕುಡಿಯುವುದನ್ನು ನಾನು ಒಪ್ಪಲಾರೆ. ಹೊಟ್ಟೆ ಉಬ್ಬರ, ವಾಂತಿ, ಭೇದಿ ಬೇರೆ. ಒಂದೇ ಚಮಚ ಹಾಕಿಕೊಂಡರೆ ಪರಿಣಾಮ ಕಾಣುವಷ್ಟು ಪ್ರಮಾಣವಾಗುವುದಿಲ್ಲ, ಸೋಡಿಯಂ ಮಾತ್ರ ಒಂದು ಗ್ರಾಂ ಮೀರುತ್ತದೆ. ಇದನ್ನು ಬಿಟ್ಟುಬಿಡಿ.

ಬಿಪಿಯ ಮಾತು ಬಂದದ್ದರಿಂದ ಉರಿಯ ಬಗ್ಗೆ ನಿಮ್ಮ ಟ್ರೈನರ್ ಹೇಳಿರಲಾರದ ಒಂದು ಸಂಗತಿ ಹೇಳಬೇಕು. 1937ರಲ್ಲಿ ಆಲಂ ಮತ್ತು ಸ್ಮರ್ಕ್ ಎಂಬ ಇಬ್ಬರು, ವ್ಯಾಯಾಮ ಮಾಡುತ್ತಿದ್ದವರ ಕೈಕಾಲಿಗೆ ಬಿಪಿ ಪಟ್ಟಿಯಂಥದನ್ನು ಬಿಗಿದು ರಕ್ತ ಒಳಹೊರಗೆ ಹೋಗದಂತೆ ತಡೆದರು. ವ್ಯಾಯಾಮ ನಿಲ್ಲಿಸಿದ ಮೇಲೂ, ಪಟ್ಟಿ ಬಿಗಿದಿರುವಷ್ಟು ಹೊತ್ತು, ಏರಿದ ರಕ್ತದೊತ್ತಡ ಪೂರ್ತಿ ಇಳಿಯಲಿಲ್ಲ. ಪಟ್ಟಿ ಸಡಿಲಿಸಿದ ಮೇಲೆ ಇಳಿಯಿತು. ಸ್ನಾಯುವಿನಲ್ಲಿ ಸಿಕ್ಕಿಬಿದ್ದ ರಾಸಾಯನಿಕಗಳನ್ನು ಗುರುತಿಸುವ ನರಗಳೇ ಹೃದಯಕ್ಕೂ ರಕ್ತನಾಳಗಳಿಗೂ ‘ಒತ್ತಡ ಏರಿಸಿ, ಇಲ್ಲಿಗೆ ರಕ್ತ ಸಾಲುತ್ತಿಲ್ಲ’ ಎಂಬ ಸಂದೇಶ ಕಳಿಸುತ್ತವೆ. ಎಂದರೆ ನೀವು ಹಲ್ಲುಕಚ್ಚಿ ಉರಿಯನ್ನು ಸಹಿಸುತ್ತಿರುವಾಗ ಅದೇ ಬಗೆಯ ನರಗಳು ನಿಮ್ಮ ಬಿಪಿಯನ್ನೂ ಮೇಲಕ್ಕೆ ನೂಕುತ್ತಿರುತ್ತವೆ. ಅದರ ಮೇಲೆ ಉಸಿರು ಕಟ್ಟಿದರಂತೂ ಕೇಳಬೇಡಿ. 1985ರಲ್ಲಿ ದೇಹದಾರ್ಢ್ಯ ಪಟುಗಳ ಅಪಧಮನಿಯೊಳಗೇ ನಳಿಕೆ ಇಟ್ಟು ಅಳೆದಾಗ, ಎರಡೂ ಕಾಲಿನಿಂದ ಭಾರೀ ಲೆಗ್ ಪ್ರೆಸ್ ಒತ್ತುವ ಕ್ಷಣದಲ್ಲಿ ಸರಾಸರಿ ಒತ್ತಡ 320/250 ಮುಟ್ಟಿತ್ತು. ಅವರು ಆರೋಗ್ಯವಂತ ಯುವಕರು, ಅದು ಕ್ಷಣಮಾತ್ರದ ಏರಿಕೆ, ಅವರಿಗೇನೂ ಆಗಲಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಬರೆದದ್ದಲ್ಲ, 13ರಿಂದ 15ರ ನಡುವೆ ನೀವು ಉಸಿರು ಹಿಡಿಯುತ್ತಿದ್ದೀರೋ ಎಂಬುದನ್ನು ನೋಡಿಕೊಳ್ಳಿ ಎಂದು ಹೇಳಲು. ಉರಿ ಬಂದಾಗ ಹೆಚ್ಚಿನವರು ಹಿಡಿಯುತ್ತಾರೆ. ಎತ್ತುವಾಗ ಬಾಯಿಯಿಂದ ಉಸಿರು ಬಿಡಿ, ಇಳಿಸುವಾಗ ತೆಗೆದುಕೊಳ್ಳಿ. ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರೆ ಉಸಿರು ತಾನಾಗಿ ಕಟ್ಟುವುದಿಲ್ಲ. ಈಗ ಕೆಲವು ಜಿಮ್‌ಗಳಲ್ಲಿ ತೊಡೆಗೆ ಎಲಾಸ್ಟಿಕ್ ಪಟ್ಟಿ ಬಿಗಿದು ವ್ಯಾಯಾಮ ಮಾಡಿಸುವುದು ಶುರುವಾಗಿದೆ. ಉರಿ ಬೇಗ ಬರುತ್ತದೆ ನಿಜ, ಕಾರಣ ಮೇಲೆ ಹೇಳಿದ್ದೇ. ನಿಮ್ಮ ಬಿಪಿ ಹತೋಟಿಗೆ ಬರುವವರೆಗೆ ಅದರ ಗೋಜಿಗೆ ಹೋಗಬೇಡಿ.

ಇನ್ನು ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದು. ಉರಿ ಸ್ನಾಯು ಹಾಳಾಗುತ್ತಿರುವುದರ ಲಕ್ಷಣವಲ್ಲ, ಹಾಗೆಯೇ ಸ್ನಾಯು ಬೆಳೆಯುತ್ತಿದೆ ಎಂಬುದಕ್ಕೆ ರಸೀದಿಯೂ ಅಲ್ಲ. ಸುಮಾರು ಎಂಟು ಸಲ ಮಾತ್ರ ಎತ್ತಲಾಗುವ ತೂಕ ಹಾಕಿಕೊಂಡು, ಸೆಟ್ಟುಗಳ ನಡುವೆ ಎರಡು-ಮೂರು ನಿಮಿಷ ಬಿಟ್ಟು ಮಾಡಿದರೆ ಉರಿ ಬಹಳ ಕಡಿಮೆ, ಏಕೆಂದರೆ 25 ಸೆಕೆಂಡಿನೊಳಗೆ ಸೆಟ್ ಮುಗಿಯುತ್ತದೆ. ಆದರೂ ದಣಿಯುವ ಹತ್ತಿರದವರೆಗೆ ಹೋದರೆ ಸ್ನಾಯು ಬೆಳೆಯುವುದು 20ರ ಸೆಟ್ಟಿನಷ್ಟೇ, ಬಲ ಹೆಚ್ಚುವುದು ಇನ್ನೂ ಚೆನ್ನಾಗಿ. ಅದರ ತೊಂದರೆ ಎಂದರೆ ಭಾರ ಹೆಚ್ಚಿದಷ್ಟೂ ಮಂಡಿಯ ಚಿಪ್ಪಿನ ಹಿಂದೆ ಒತ್ತಡ ಹೆಚ್ಚು, ಉಸಿರು ಕಟ್ಟುವ ಚಪಲವೂ ಹೆಚ್ಚು. ಇದಕ್ಕೆ ಬದಲು ನಿಮ್ಮ ಈಗಿನ ತೂಕದಲ್ಲೇ ಉಳಿದು, ಕೆಳಗೆ ಬಂದಾಗ ಪ್ರತಿ ಸಲವೂ ಒಂದು ಸೆಕೆಂಡು ಕಾಲನ್ನು ಪೂರ್ತಿ ಸಡಿಲಬಿಟ್ಟು ನೋಡಿ. ಆ ಒಂದು ಸೆಕೆಂಡಿನಲ್ಲಿ ರಕ್ತ ಹರಿದುಹೋಗುತ್ತದೆ, ಉರಿ ಎರಡು-ಮೂರು ಎಣಿಕೆ ತಡವಾಗಿ ಬರುವುದನ್ನು ನೀವೇ ಗಮನಿಸಬಹುದು. ಮೇಲೆ ಹೇಳಿದ ವಿವರಣೆಗೆ ಇದು ಮನೆಮದ್ದಿನಂಥ ಒಂದು ಪರೀಕ್ಷೆಯೂ ಹೌದು. ಮೂರನೆಯ ದಾರಿ, ಈಗಿನಂತೆಯೇ ಉರಿಯವರೆಗೆ ಹೋಗುತ್ತಿರುವುದು. ಕೆಲವು ವಾರಗಳಲ್ಲಿ ಸ್ನಾಯುವಿನ ಸಣ್ಣ ರಕ್ತನಾಳಗಳೂ, ಹೈಡ್ರೋಜನ್ ಅಯಾನುಗಳನ್ನು ಹೊರಸಾಗಿಸುವ ಬಾಗಿಲುಗಳೂ ಹೆಚ್ಚುತ್ತವೆ, ಉರಿ ಮುಂದಕ್ಕೆ ಹೋಗುತ್ತದೆ. ಇದರಲ್ಲಿ ತಪ್ಪಿಲ್ಲ, ಆದರೆ ಕೊನೆಯ ಎರಡು ಎಣಿಕೆಗಳಲ್ಲಿ ಸೊಂಟ ಎತ್ತಿ ಎಸೆಯುವುದು, ಉಸಿರು ಹಿಡಿಯುವುದು ಶುರುವಾದರೆ ಸೆಟ್ ಅಲ್ಲಿಗೇ ಮುಗಿಯಿತೆಂದು ಭಾವಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನು ಆರಿಸುತ್ತಿದ್ದೆ: ಅದೇ ತೂಕ, ಕೆಳಗೆ ಒಂದು ಸೆಕೆಂಡು ಸಡಿಲ, 15ರ ಮೂರು ಸೆಟ್, ನಡುವೆ ಎರಡು ನಿಮಿಷ. ಎರಡು ಎಣಿಕೆ ಇನ್ನೂ ಬಾಕಿ ಇದೆ ಎನ್ನುವಾಗಲೇ ನಿಲ್ಲಿಸುವುದು. ಒಂದು ವಾರ ಮನೆಯಲ್ಲಿ ಬೆಳಿಗ್ಗೆ, ಸಂಜೆ ಕೂತು ಬಿಪಿ ಅಳೆದು ಬರೆದಿಡಿ. ಸರಾಸರಿ 135/85 ದಾಟಿದರೆ ಆ ಕಾಗದ ಹಿಡಿದುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ.

ಉರಿಯಲ್ಲದ ನೋವನ್ನು ಗುರುತಿಸುವುದು ಕಷ್ಟವಲ್ಲ. ವ್ಯಾಯಾಮದ ಉರಿ ಇಡೀ ಸ್ನಾಯುವಿನಲ್ಲಿ ಹರಡಿರುತ್ತದೆ, ಎರಡೂ ಕಾಲಿನಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ, ನಿಲ್ಲಿಸಿದ ಮೇಲೆ ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಒಂದೇ ಬಿಂದುವಿನಲ್ಲಿ ಚುಚ್ಚಿದಂತಾದರೆ, ಮಂಡಿಯ ಒಳಗಿಂದ ಬಂದರೆ, ನಿಲ್ಲಿಸಿದ ಮೇಲೂ ಉಳಿದರೆ ಅದು ಬೇರೆ. ಮರುದಿನ ತೊಡೆ ಊದಿಕೊಂಡು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯುವಿನ ಎಳೆಗಳು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗುತ್ತಿವೆ ಎಂದರ್ಥ, ಅಂದೇ ಆಸ್ಪತ್ರೆಗೆ ಹೋಗಬೇಕು. ತೊಡೆಗೆ ವ್ಯಾಯಾಮ ಮಾಡುವಾಗ ಎದೆಯ ನಡುವೆ ಉರಿದಂತಾಗಿ, ನಿಂತ ಮೇಲೆ ಹೋಗುತ್ತಿದ್ದರೆ ಅದನ್ನು ಗ್ಯಾಸ್, ಆ್ಯಸಿಡಿಟಿ ಎಂದುಕೊಂಡು ಸೋಡಾ ಕುಡಿಯುತ್ತ ಕೂರಬೇಡಿ, ಮೊದಲು ಇಸಿಜಿ ಮಾಡಿಸಿ.